‘ಹತ್ತು ವರ್ಷದಲ್ಲಿ ಬಿಡಿಸದಿದ್ದರೆ ಇದೇ ಕ್ರಯಪತ್ರ’: ಉಡುಪಿಯ ಒಂದು ಭೋಗ್ಯದ ಪ್ರಕರಣ

ಇದು ಉಡುಪಿ ಕಡೆಯ ಒಂದು ಕುಟುಂಬದ ವ್ಯಾಜ್ಯ. ಹೆಸರು, ಜಾಗ, ಗುರುತು ಸಿಗುವ ವಿವರಗಳನ್ನೆಲ್ಲ ಬದಲಿಸಿದ್ದೇನೆ. ಸಾಲ ಕೊಟ್ಟವರನ್ನು ಸಾಹುಕಾರರು ಅಂತಲೂ, ಸಾಲ ಪಡೆದವರ ಮಕ್ಕಳನ್ನು ಅಣ್ಣ, ತಮ್ಮ, ಅಕ್ಕ ಅಂತಲೂ ಕರೆಯುತ್ತೇನೆ. ನಾನು ಮಕ್ಕಳ ಪರ ವಕೀಲನಾಗಿದ್ದೆ. ಹಾಗಾಗಿ ನನ್ನ ಮಾತು ಸ್ವಲ್ಪ ಆ ಕಡೆ ವಾಲಿದರೆ ಓದುವವರು ತಿದ್ದಿಕೊಳ್ಳಿ.

ಹಿನ್ನೆಲೆ

ಪೇಟೆ ರಸ್ತೆಗೆ ತಾಗಿಕೊಂಡು ಎಂಟು ಸೆಂಟ್ಸ್ ಜಾಗ. ಹಿಂದೆ ಹೆಂಚಿನ ಮನೆ, ಮುಂದೆ ರಸ್ತೆಗೆ ಮುಖ ಮಾಡಿದ ಎರಡು ಅಂಗಡಿ ಕೋಣೆ. ಮಕ್ಕಳ ತಂದೆಯ ಸ್ವಂತ ದುಡಿಮೆಯ ಆಸ್ತಿ. 1984ರಲ್ಲಿ ತಂದೆಗೆ ಹಣದ ಅಡಚಣೆ ಬಂತು. ಸಾಹುಕಾರರಿಂದ 40,000 ರೂಪಾಯಿ ತೆಗೆದುಕೊಂಡು ಅಂಗಡಿ ಕೋಣೆಗಳನ್ನೂ ಮನೆಯನ್ನೂ ಭೋಗ್ಯಕ್ಕೆ ಬಿಟ್ಟರು. ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿಯಾಯಿತು.

ಪತ್ರದಲ್ಲಿ ನಾಲ್ಕು ಮುಖ್ಯ ಮಾತುಗಳಿದ್ದವು. ವಾಯಿದೆ ಹತ್ತು ವರ್ಷ. ಸಾಲಕ್ಕೆ ಬಡ್ಡಿ ಇಲ್ಲ, ಬಡ್ಡಿಯ ಬದಲು ಬಾಡಿಗೆ ಸಾಹುಕಾರರಿಗೆ. ವಾಯಿದೆಯೊಳಗೆ ಅಸಲು ಕೊಟ್ಟು ಬಿಡಿಸಿಕೊಳ್ಳದಿದ್ದರೆ ‘ಇದನ್ನೇ ಕ್ರಯಪತ್ರವೆಂದು ತಿಳಿಯತಕ್ಕದ್ದು, ಆ ನಂತರ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವ ಹಕ್ಕೂ ಇಲ್ಲ’. ಕೊನೆಯದು: ಸಾಹುಕಾರರು ಬೇಕಾದಂತೆ ಕಟ್ಟಡ ಕೆಡವಿ ಕಟ್ಟಬಹುದು, ಅದಕ್ಕೆ ತಗಲಿದ ಖರ್ಚನ್ನೆಲ್ಲ ಬಿಡಿಸುವಾಗ ಕೊಡಬೇಕು.

1994ಕ್ಕೆ ವಾಯಿದೆ ಮುಗಿಯಿತು. ಹಣ ಕೊಡಲು ಆಗಲಿಲ್ಲ. 1996ರಲ್ಲಿ ತಂದೆ ಮತ್ತೆ ಸಾಹುಕಾರರ ಮನೆಗೆ ಹೋಗಿ 25,000 ತಂದರು. ಆಗ ಛಾಪಾ ಕಾಗದದ ಮೇಲೆ ಒಂದು ಬರಹವಾಯಿತು. ‘ಭೋಗ್ಯ ಪತ್ರದ ಬಾಬ್ತು ಹೆಚ್ಚುವರಿ 25,000 ಪಡೆದು, ಬಿಡಿಸಿಕೊಳ್ಳುವ ಹಕ್ಕನ್ನು ಬಿಟ್ಟುಕೊಟ್ಟಿದ್ದೇನೆ.’ ಇದು ನೋಂದಣಿಯಾಗಲಿಲ್ಲ. 1999ರ ಮಳೆಗಾಲದಲ್ಲಿ ಮಾಡಿನ ಪಕ್ಕಾಸು ಮುರಿದು ಹೆಂಚು ಜಾರಿತು. ಸಾಹುಕಾರರೇ ರಿಪೇರಿ ಮಾಡಿಸಿದರು. 2001ರಲ್ಲಿ ತಂದೆ ತೀರಿಕೊಂಡರು. 2008ರಲ್ಲಿ ಸಾಹುಕಾರರು ಮುಂದಿನ ಹೆಂಚಿನ ಕೋಣೆಗಳನ್ನು ಕೆಡವಿ, ಸ್ಲ್ಯಾಬ್ ಹಾಕಿ ಹೊಸ ಅಂಗಡಿ ಕಟ್ಟಿದರು. ನಡುವೆ ಯಾವಾಗಲೋ ನಗರಸಭೆಯ ಖಾತೆಯೂ ಅವರ ಹೆಸರಿಗೆ ಹೋಗಿತ್ತು.

ಸಮಸ್ಯೆ

2017ರಲ್ಲಿ ತಮ್ಮ ಗಲ್ಫ್‌ನಿಂದ ಊರಿಗೆ ಬಂದು ನೆಲೆಸಿದ. 40,000 ನಗದು ಹಿಡಿದುಕೊಂಡು ಅಣ್ಣನ ಜೊತೆ ಸಾಹುಕಾರರ ಮನೆಗೆ ಹೋದ. ಸಾಹುಕಾರರಿಗೆ ವಯಸ್ಸಾಗಿತ್ತು, ಮಾತಾಡಿದ್ದು ಅವರ ಮಗ. “ಅಣ್ಣ, ನಿಮ್ಮ ಅಪ್ಪ ಬರೆದು ಕೊಟ್ಟದ್ದು ಓದಿ. ಹತ್ತು ವರ್ಷ ಯಾವತ್ತೋ ಮುಗಿಯಿತು. ಅದು ಈಗ ನಮ್ಮದೇ ಜಾಗ” ಅಂದರಂತೆ. ಆಮೇಲೆ ಬಂದ ಲಾಯರ್ ನೋಟೀಸಿನ ಉತ್ತರದಲ್ಲಿ ಅವರ ವಾದ ಪೂರ್ತಿ ಬಂತು. ಒಂದು, ಪತ್ರದ ಪ್ರಕಾರ 1994ರಲ್ಲೇ ಕ್ರಯವಾಗಿದೆ. ಎರಡು, 1996ರಲ್ಲಿ ಹಕ್ಕು ಬಿಟ್ಟಾಗಿದೆ. ಮೂರು, ಪತ್ರ ಆಗಿ 30 ವರ್ಷ ಕಳೆದಿದೆ, ಕಾಲ ಮೀರಿದೆ. ನಾಲ್ಕು, ಇಷ್ಟೆಲ್ಲ ಆದ ಮೇಲೂ ಬಿಡಿಸಬೇಕು ಅಂತಾದರೆ 1999ರ ರಿಪೇರಿಗೆ 18,000, 2008ರ ಕಟ್ಟಡಕ್ಕೆ 6,50,000 ಕೊಡಿ.

ಮೊದಲನೆಯ ವಾದ ಕೇಳಿ ಅಣ್ಣ ನಿಜಕ್ಕೂ ಹೆದರಿದ್ದರು. ಅಪ್ಪನ ಸಹಿ, ಅಪ್ಪನ ಕರಾರು, ನೋಂದಣಿ ಆದ ಪತ್ರ. ಬರೆದು ಕೊಟ್ಟಿದ್ದು ಬರೆದು ಕೊಟ್ಟಿದ್ದೇ ಅಲ್ವಾ? ನಮ್ಮ ಊರಿನಲ್ಲಿ ಎಷ್ಟೋ ಜನ ಹೀಗೆಯೇ ಜಾಗ ಬಿಟ್ಟಿದ್ದಾರೆ. ಯಾರೂ ಕಿತ್ತುಕೊಳ್ಳಬೇಕಾಗಿಲ್ಲ. ಹಳೆಯ ಪತ್ರದ ಒಂದು ಸಾಲು ಸಾಕಾಗುತ್ತದೆ.

ಆ ಒಂದು ಸಾಲು ಯಾಕೆ ನಿಲ್ಲುವುದಿಲ್ಲ

1882ರ ಆಸ್ತಿ ವರ್ಗಾವಣೆ ಕಾಯ್ದೆಯ 60ನೇ ಕಲಮು ಹೇಳುವುದು ಇಷ್ಟು. ಅಸಲು ಕೊಡುವ ಕಾಲ ಬಂದ ಮೇಲೆ ಯಾವಾಗ ಬೇಕಾದರೂ ಸಾಲಗಾರ ಹಣ ಕೊಟ್ಟು ಆಸ್ತಿ ಮತ್ತು ಪತ್ರ ವಾಪಸು ಕೇಳಬಹುದು. ಈ ಹಕ್ಕು ಹೋಗುವುದು ಎರಡೇ ದಾರಿಯಲ್ಲಿ: ಆ ಮೇಲೆ ಇಬ್ಬರೂ ಸೇರಿ ಮಾಡಿದ ಕೃತ್ಯದಿಂದ, ಇಲ್ಲವೇ ಕೋರ್ಟಿನ ಡಿಕ್ರಿಯಿಂದ. ವಾಯಿದೆ ದಾಟಿತು ಅನ್ನುವುದು ಈ ಎರಡರಲ್ಲಿ ಯಾವುದೂ ಅಲ್ಲ. ವಾಯಿದೆ ಮುಗಿಯುವುದು ಹಕ್ಕು ಸಾಯುವ ದಿನವಲ್ಲ, ಹುಟ್ಟುವ ದಿನ.

ಸಾಲ ಕೊಡುವಾಗಲೇ, ಅದೇ ಪತ್ರದಲ್ಲೇ, ಬಿಡಿಸುವ ಹಕ್ಕಿಗೆ ಅಡ್ಡಗಾಲು ಹಾಕುವ ಶರತ್ತನ್ನು ವಕೀಲರು ‘ಕ್ಲಾಗ್’ ಅನ್ನುತ್ತಾರೆ. ಅದು ಬಿದ್ದು ಹೋಗುತ್ತದೆ, ಉಳಿದ ಪತ್ರ ನಿಲ್ಲುತ್ತದೆ. ಕಾರಣ ತುಂಬಾ ಸರಳ. ಸಾಲ ಕೇಳುವ ಘಳಿಗೆಯಲ್ಲಿ ಮನುಷ್ಯ ಏನು ಬರೆದುಕೊಡಿ ಅಂದರೂ ಬರೆದುಕೊಡುತ್ತಾನೆ. ಜಾಗ ಸಾಲಕ್ಕೆ ಭದ್ರತೆ ಅಂತ ಕೊಟ್ಟಿದ್ದು. ಹಣ ಬಂದ ಮೇಲೆ ಭದ್ರತೆಗೆ ಕೆಲಸವಿಲ್ಲ.

ಸುಪ್ರೀಂ ಕೋರ್ಟಿನಲ್ಲಿ ಇದಕ್ಕೆ ಸರಿಹೊಂದುವ ಎರಡು ತೀರ್ಪುಗಳಿವೆ. ಅಜ್ಮೀರಿನ ಒಂದು ಅಂಗಡಿಯ ಬಗ್ಗೆ 1958ರ ಗಂಗಾಧರ್ ಪ್ರಕರಣ. ಅಲ್ಲಿ ವಾಯಿದೆ 85 ವರ್ಷ. ಅದು ಮುಗಿದು ಆರು ತಿಂಗಳಲ್ಲಿ ಬಿಡಿಸದಿದ್ದರೆ ಕ್ರಯವಾದಂತೆ ಅಂತ ಬರೆದಿತ್ತು. ಬರೀ ದೀರ್ಘ ವಾಯಿದೆ ಕ್ಲಾಗ್ ಅಲ್ಲ ಅಂದ ಕೋರ್ಟು, ಆರು ತಿಂಗಳ ಶರತ್ತನ್ನು ಮಾತ್ರ ಹೊಡೆದು ಹಾಕಿತು. ಇನ್ನೊಂದು ಅಲ್ವರ್‌ನ ಮುರಾರಿಲಾಲ್ ಪ್ರಕರಣ, 1965ರ ವರದಿ. ಹದಿನೈದು ವರ್ಷದಲ್ಲಿ ಬಿಡಿಸದಿದ್ದರೆ ಅಂಗಡಿ ಸಾಲ ಕೊಟ್ಟವನದು ಎಂಬ ಮಾತು. ಆ ಸಂಸ್ಥಾನದಲ್ಲಿ ಆಗ ಈ ಕಾಯ್ದೆಯೇ ಜಾರಿಯಲ್ಲಿರಲಿಲ್ಲ. ಆದರೂ ನ್ಯಾಯದ ತತ್ವವೇ ಸಾಕು ಅಂದು ಶರತ್ತನ್ನು ಬದಿಗಿಟ್ಟರು. ನಮ್ಮ ಪತ್ರದ ಸಾಲು ಇವಕ್ಕಿಂತ ಏನೂ ಬೇರೆ ಇರಲಿಲ್ಲ.

ಎದುರು ವಕೀಲರು ಸುಮ್ನೆ ಕೂರಲಿಲ್ಲ. ಹೇಳಿದ ದಿನಕ್ಕೆ ಹಣ ಕೊಡದಿದ್ದರೆ ಕ್ರಯ ಖಾಯಂ ಅನ್ನುವ ‘ಶರತ್ತಿನ ಕ್ರಯದ ಅಡಮಾನ’ವನ್ನು ಕಾಯ್ದೆಯೇ 58ನೇ ಕಲಮಿನಲ್ಲಿ ಒಪ್ಪುತ್ತದಲ್ಲ ಅಂದರು. ನಿಜ, ಒಪ್ಪುತ್ತದೆ. ಆದರೆ ಅಂಥ ಪತ್ರದಲ್ಲೂ ದಿನ ದಾಟಿದ ಮಾತ್ರಕ್ಕೆ ಸಾಲ ಕೊಟ್ಟವರು ಮಾಲೀಕರಾಗುವುದಿಲ್ಲ. ಅವರು ಕೋರ್ಟಿಗೆ ಹೋಗಿ, ಬಿಡಿಸುವ ಹಕ್ಕು ಮುಚ್ಚಿ ಹೋಯಿತು ಅಂತ ಡಿಕ್ರಿ ತರಬೇಕು. ಸಾಹುಕಾರರು ಒಂದು ದಿನವೂ ಅದಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತಿರಲಿಲ್ಲ.

ದಾವೆಗೆ ಮೊದಲಿನ ನಿರ್ಧಾರ

ನನ್ನ ಲೆಕ್ಕದಲ್ಲಿ ಈ ಪ್ರಕರಣ ಗೆದ್ದದ್ದು ವಾದದಿಂದಲ್ಲ, 2018ರ ಜೂನ್‌ನಲ್ಲಿ ಮಾಡಿದ ಒಂದು ಕೆಲಸದಿಂದ. ನೇರವಾಗಿ ದಾವೆ ಹೂಡುವ ಬದಲು 83ನೇ ಕಲಮಿನಡಿ ಕೋರ್ಟಿನಲ್ಲಿ ಹಣ ಠೇವಣಿ ಇಟ್ಟೆವು. ಸಾಲ ಕೊಟ್ಟವರು ಹಣ ತೆಗೆದುಕೊಳ್ಳದೇ ಇದ್ದಾಗ ಇರುವ ದಾರಿ ಇದು. ಕೋರ್ಟು ಅವರಿಗೆ ನೋಟೀಸು ಕಳಿಸುತ್ತದೆ. ಒಪ್ಪಿದರೆ ಹಣ ತೆಗೆದುಕೊಂಡು ಪತ್ರ, ಜಾಗ ಬಿಡುತ್ತಾರೆ. ಒಪ್ಪದಿದ್ದರೆ ತಗಾದೆ ಅಲ್ಲೇ ತೀರ್ಮಾನವಾಗುವುದಿಲ್ಲ, ದಾವೆ ಹೂಡಲೇಬೇಕು.

ಹಾಗಾದರೆ ಏನು ಉಪಯೋಗ? ಬಡ್ಡಿಯ ಬದಲು ಬಾಡಿಗೆ ಎಂಬ ಕರಾರು ಇದ್ದರೆ ಸಾಹುಕಾರರು ಬಾಡಿಗೆಯ ಲೆಕ್ಕ ಕೊಡಬೇಕಾಗಿಲ್ಲ. 34 ವರ್ಷದ ಬಾಡಿಗೆ ಅವರದೇ. ಕರಾರು ಅದೇ, ಅದರಲ್ಲಿ ಅನ್ಯಾಯವೇನೂ ಇಲ್ಲ. ಆದರೆ ಕೊಡಬೇಕಾದ ಪೂರ್ತಿ ಹಣವನ್ನು ಮುಂದೆ ಇಟ್ಟ ದಿನದಿಂದ, ಅಥವಾ ಕೋರ್ಟಿನಿಂದ ಅವರು ಅದನ್ನು ತೆಗೆದುಕೊಳ್ಳಬಹುದಾಗಿದ್ದ ದಿನದಿಂದ, ಲೆಕ್ಕ ತಿರುಗುತ್ತದೆ. 76ನೇ ಕಲಮಿನ ಕೊನೆಯ ಉಪಕಲಮು ಹೇಳುವುದು ಅದನ್ನೇ. ಅಲ್ಲಿಂದ ಮುಂದೆ ಬಂದ ಬಾಡಿಗೆಗೆ ಅವರು ಸಾಲಗಾರನಿಗೆ ಉತ್ತರ ಕೊಡಬೇಕು. ತಮ್ಮ 2017ರಲ್ಲಿ ಮನೆಯ ಜಗಲಿಯಲ್ಲಿ ನಗದು ತೋರಿಸಿದ್ದಕ್ಕೆ ಸಾಕ್ಷಿ ಅಣ್ಣ ಮಾತ್ರ. ಕೋರ್ಟಿನ ಠೇವಣಿಗೆ ಚಲನ್ ಇದೆ.

ತಲೆಬಿಸಿ ಆದದ್ದು ಎಷ್ಟು ಇಡಬೇಕು ಎಂಬ ಪ್ರಶ್ನೆಯಲ್ಲಿ. ಠೇವಣಿ ಒಂದು ರೂಪಾಯಿ ಕಡಿಮೆಯಾದರೂ ಅದು ಪೂರ್ತಿ ಹಣ ಅಲ್ಲ ಅನ್ನುತ್ತಾರೆ, ಮೇಲೆ ಹೇಳಿದ ಲಾಭವೆಲ್ಲ ಹೋಗುತ್ತದೆ. ತಮ್ಮ 40,000 ಸಾಕು ಅನ್ನುತ್ತಿದ್ದ. ಆದರೆ ಆಸ್ತಿ ಹಾಳಾಗದಂತೆ ಉಳಿಸಲು ಸಾಲ ಕೊಟ್ಟವರು ಮಾಡಿದ ಅಗತ್ಯ ಖರ್ಚನ್ನು ಅಸಲಿಗೆ ಸೇರಿಸಿಕೊಳ್ಳುವ ಹಕ್ಕು ಅವರಿಗೆ 72ನೇ ಕಲಮಿನಲ್ಲಿ ಇದೆ. ಪತ್ರದಲ್ಲಿ ಬಡ್ಡಿ ದರ ಇಲ್ಲದಿದ್ದರೆ ವರ್ಷಕ್ಕೆ ನೂರಕ್ಕೆ 9ರಂತೆ ಬಡ್ಡಿಯೂ ಉಂಟು. ನಮ್ಮ ಕಡೆಯ ಮಳೆಗೆ ಮಾಡು ಬಿಟ್ಟರೆ ಒಂದೇ ವರ್ಷದಲ್ಲಿ ಮಣ್ಣಿನ ಗೋಡೆ ಕೂರುತ್ತದೆ. ಪಕ್ಕಾಸು, ಹೆಂಚು ಹಾಕಿಸಿದ್ದು ಅಗತ್ಯ ಖರ್ಚಲ್ಲ ಅಂತ ವಾದಿಸುವುದು ಮೊಂಡುತನ. ಹಾಗಾಗಿ 18,000ಕ್ಕೆ 19 ವರ್ಷದ ಬಡ್ಡಿ 30,780 ಸೇರಿಸಿದೆವು. ಅಸಲು 40,000 ಕೂಡಿಸಿದರೆ 88,780. ತಿಂಗಳ ಲೆಕ್ಕದಲ್ಲಿ ಹೆಚ್ಚುಕಡಿಮೆ ಆಗಬಾರದು ಅಂತ 90,000 ಇಟ್ಟೆವು.

2008ರ ಕಟ್ಟಡದ ಆರೂವರೆ ಲಕ್ಷ ಇಡಲಿಲ್ಲ. 63ಎ ಕಲಮಿನ ಪ್ರಕಾರ ಸಾಲ ಕೊಟ್ಟವರು ಮಾಡಿದ ಸುಧಾರಣೆ ಆಸ್ತಿಯ ಜೊತೆಗೇ ವಾಪಸು ಬರುತ್ತದೆ. ಆಸ್ತಿ ಹಾಳಾಗುವುದನ್ನು ತಡೆಯಲು, ಭದ್ರತೆ ಸಾಕಾಗದೇ ಹೋಗುವುದನ್ನು ತಪ್ಪಿಸಲು, ಇಲ್ಲವೇ ಸರ್ಕಾರಿ ಅಧಿಕಾರಿಯ ಆದೇಶದಂತೆ ಮಾಡಿದ್ದಕ್ಕೆ ಮಾತ್ರ ಖರ್ಚು ಕೊಡಬೇಕು. ಸ್ಲ್ಯಾಬ್ ಹಾಕಿದ್ದು ಬಾಡಿಗೆ ಜಾಸ್ತಿ ಬರಲಿ ಅಂತ. ಇಲ್ಲಿ ಒಂದು ಮುಳ್ಳಿತ್ತು. ಆ ಕಲಮು ‘ಬೇರೆ ಕರಾರು ಇಲ್ಲದಿದ್ದರೆ’ ಅನ್ನುತ್ತದೆ. ನಮ್ಮ ಪತ್ರದ ಕೊನೆಯ ಶರತ್ತು ಅಂಥ ಕರಾರೇ. ಇದಕ್ಕೆ ಉತ್ತರ ಗುಜರಾತಿನಿಂದ ಬಂದ ಪೋಮಲ್ ಕಾಂಜಿ ಪ್ರಕರಣದಲ್ಲಿ, 1989ರ ವರದಿಯಲ್ಲಿ, ಸಿಕ್ಕಿತು. ಅಲ್ಲಿ 99 ವರ್ಷದ ವಾಯಿದೆ, ಜೊತೆಗೆ ಕೆಡವಿ ಕಟ್ಟಿ ಖರ್ಚನ್ನು ಸಾಲಗಾರನ ತಲೆಗೆ ಹಾಕುವ ಅಧಿಕಾರ. ಎರಡನ್ನೂ ಒಟ್ಟಿಗೆ ನೋಡಿದ ಸುಪ್ರೀಂ ಕೋರ್ಟು ಅದನ್ನು ಕ್ಲಾಗ್ ಅಂದಿತು. ಖರ್ಚಿಗೆ ಮಿತಿಯೇ ಇಲ್ಲದಿದ್ದರೆ ಸಾಲಗಾರ ಎಂದೂ ಬಿಡಿಸಲಾರ. ನಮ್ಮ ಶರತ್ತು ಅದರ ತಮ್ಮನಂತಿತ್ತು.

1996ರ 25,000ವನ್ನೂ ಇಡಲಿಲ್ಲ. ಇಲ್ಲಿ ಅಣ್ಣನಿಗೂ ನನಗೂ ಸ್ವಲ್ಪ ಮಾತಾಯಿತು. “ಅಪ್ಪ ತೆಗೆದುಕೊಂಡ ಹಣ ಮಾರಾಯ್ರೆ, ಇಲ್ಲ ಅನ್ನುವುದು ಹೇಗೆ?” ಅಂದರು. ಇಲ್ಲ ಅನ್ನುವುದು ಬೇಡ, ಆದರೆ ಅದನ್ನು ಅಡಮಾನದ ಹಣ ಅಂತ ಒಪ್ಪಬೇಡಿ ಅಂದೆ. ನೂರು ರೂಪಾಯಿಗೆ ಮೇಲ್ಪಟ್ಟ ಅಡಮಾನ ಈ ರೀತಿ ಆಗಬೇಕಾದರೆ ನೋಂದಾಯಿತ ಪತ್ರ ಬೇಕು. ಆ ಕಾಗದಕ್ಕೆ ನೋಂದಣಿ ಇಲ್ಲ. ಅದು ಬರೀ ಕೈಸಾಲ, ಕಾಲವೂ ಮೀರಿದೆ. ಆದರೂ ರಾಜಿಗೆ ಬಂದರೆ ಕೊಡುತ್ತೇವೆ ಅಂತ ಬೇರೆ ಪತ್ರ ಬರೆಯೋಣ ಅಂತ ಒಪ್ಪಿದರು.

ಸೆಪ್ಟೆಂಬರಿನಲ್ಲಿ ನೋಟೀಸು ಜಾರಿಯಾಯಿತು. ಸಾಹುಕಾರರ ಕಡೆಯವರು ಹಣ ಮುಟ್ಟಲಿಲ್ಲ. ಸುಮ್ಮನೆ ಕೊಳೆಯುವ ಹಣ ಬ್ಯಾಂಕಿಗೆ ಹಾಕೋಣ, ವಾಪಸು ತೆಗೆಯೋಣ ಅಂದ ತಮ್ಮ. ತೆಗೆಯಬೇಡಿ ಅಂದೆ. ಠೇವಣಿ ಹಿಂದಕ್ಕೆ ತೆಗೆದರೆ ಅದರ ರಕ್ಷಣೆಯೂ ಹೋಗುತ್ತದೆ.

ದಾವೆ

2019ರಲ್ಲಿ ದಾವೆ ಹೂಡಿದೆವು. ಮುಂಬೈಯಲ್ಲಿರುವ ಅಕ್ಕ ಸಹಿ ಹಾಕಲು ಒಪ್ಪಲಿಲ್ಲ, ಕೋರ್ಟು ಗೀರ್ಟು ಬೇಡ ಅಂದರು. ಅದಕ್ಕೆ ನಿಲ್ಲಬೇಕಾಗಿಲ್ಲ. ವಾರಸುದಾರರಲ್ಲಿ ಒಬ್ಬರೇ ಆದರೂ ಪೂರ್ತಿ ಹಣ ಕೊಟ್ಟು ಪೂರ್ತಿ ಆಸ್ತಿ ಬಿಡಿಸಬಹುದು. ಆದರೆ ಸಂಬಂಧಪಟ್ಟ ಎಲ್ಲರೂ ದಾವೆಯಲ್ಲಿ ಇರಬೇಕು. ಅಕ್ಕನನ್ನು ಪ್ರತಿವಾದಿಯಾಗಿ ಸೇರಿಸಿದೆವು. ಅಂಗಡಿಯ ಬಾಡಿಗೆದಾರರನ್ನೂ ಸೇರಿಸಿದೆವು.

ಮೂಲ ಪತ್ರ ಸಾಹುಕಾರರ ಬಳಿ ಇತ್ತು. ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ದೃಢೀಕೃತ ನಕಲು, ಜೊತೆಗೆ 1984ರಿಂದ ಋಣಭಾರ ಪತ್ರ ತೆಗೆದೆವು. ಋಣಭಾರ ಪತ್ರದಲ್ಲಿ ಭೋಗ್ಯ ಒಂದೇ ಇತ್ತು, ಕ್ರಯ ಇರಲಿಲ್ಲ. ಖಾತೆ ಅವರ ಹೆಸರಲ್ಲಿ ಇದೆ ಎಂಬುದು ತೆರಿಗೆ ಯಾರು ಕಟ್ಟುತ್ತಾರೆ ಅಂತ ಹೇಳುತ್ತದೆ, ಅಷ್ಟೇ. ಅದರಿಂದ ಮಾಲೀಕತ್ವ ಹುಟ್ಟುವುದಿಲ್ಲ.

ಕಾಲ ಮೀರಿದ ವಾದಕ್ಕೆ ಉತ್ತರ ಸುಲಭವಿತ್ತು. 1963ರ ಕಾಲಮಿತಿ ಕಾಯ್ದೆಯಲ್ಲಿ ಬಿಡಿಸಲು 30 ವರ್ಷ. ಅದು ಪತ್ರದ ತಾರೀಕಿನಿಂದಲ್ಲ, ಬಿಡಿಸುವ ಹಕ್ಕು ಹುಟ್ಟಿದ ದಿನದಿಂದ. ಅಂದರೆ 1994ರಿಂದ 2024ರವರೆಗೆ. 2014ರ ಸಿಂಗ್ ರಾಮ್ ತೀರ್ಪು ಇನ್ನೂ ಮುಂದೆ ಹೋಗಿ, ಭೋಗ್ಯದಲ್ಲಿ ಹಣ ಕೊಟ್ಟ ಅಥವಾ ಠೇವಣಿ ಇಟ್ಟ ಮೇಲಷ್ಟೇ ಈ ಕಾಲ ಓಡಲು ಶುರು ಅನ್ನುತ್ತದೆ. ಅದನ್ನೂ ಹೇಳಿದೆವು, ಆದರೆ ಅದನ್ನೇ ನಂಬಿ ಕೂರಲಿಲ್ಲ. ಆ ತೀರ್ಪು ಅಪ್ಪಟ ಭೋಗ್ಯಕ್ಕೆ. ಕ್ರಯದ ಶರತ್ತು ಬೆರೆತ ನಮ್ಮ ಪತ್ರ ಮಿಶ್ರ ಜಾತಿಯ ಅಡಮಾನ ಅಂತ ಎದುರಿನವರು ಹೇಳುವ ಸಾಧ್ಯತೆ ಇತ್ತು. ಇಂಥ ಪತ್ರ ಇರುವವರು 30 ವರ್ಷದೊಳಗೇ ಕೋರ್ಟಿಗೆ ಬರುವುದು ಕ್ಷೇಮ.

ನಿಜವಾದ ಅಪಾಯ ಇದ್ದದ್ದು 1996ರ ಕಾಗದದಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ‘ಅಡಮಾನ ಎಂದೆಂದಿಗೂ ಅಡಮಾನ’ ಎಂಬ ಮಾತನ್ನು ಜನ ತಪ್ಪಾಗಿ ತಿಳಿಯುತ್ತಾರೆ. ಕ್ಲಾಗ್ ನಿಯಮ ಸಾಲದ ಜೊತೆಗೆ, ಅದೇ ವ್ಯವಹಾರದ ಭಾಗವಾಗಿ ಹಾಕಿದ ಶರತ್ತಿಗೆ. ಸಾಲ ಆಗಿ ಕಾಲ ಕಳೆದ ಮೇಲೆ, ಬೇರೆಯೇ ವ್ಯವಹಾರವಾಗಿ, ಸಾಲಗಾರ ತನ್ನ ಬಿಡಿಸುವ ಹಕ್ಕನ್ನು ಸಾಲ ಕೊಟ್ಟವರಿಗೇ ಮಾರಬಹುದು. 60ನೇ ಕಲಮು ಹೇಳುವ ‘ಇಬ್ಬರ ಕೃತ್ಯ’ ಅದೇ. 1996ರಲ್ಲಿ ಆ 25,000ಕ್ಕೆ ತಂದೆ ಸಬ್ ರಿಜಿಸ್ಟ್ರಾರ್ ಮುಂದೆ ಕ್ರಯಪತ್ರ ಮಾಡಿಕೊಟ್ಟಿದ್ದರೆ ನಾನು ಈ ದಾವೆ ಹಿಡಿಯುತ್ತಿರಲಿಲ್ಲ.

ಬಿಡಿಸುವ ಹಕ್ಕು ಸ್ಥಿರಾಸ್ತಿಯಲ್ಲಿನ ಹಕ್ಕು. ಅದನ್ನು ಬಿಟ್ಟುಕೊಡುವ ಬರಹ ನೋಂದಣಿಯಾಗದಿದ್ದರೆ ಹಕ್ಕು ಕದಲುವುದಿಲ್ಲ. ಆದರೆ ಅಂಥ ಕಾಗದವನ್ನು ಪೂರಕ ವಿಷಯಕ್ಕೆ, ಉದಾಹರಣೆಗೆ ಸ್ವಾಧೀನ ಯಾವ ಬಗೆಯದು ಅಂತ ತೋರಿಸಲು, ನೋಡಬಹುದು. ಸಾಹುಕಾರರ ಮಗ ಅದಕ್ಕೇ ಛಾಪಾ ಶುಲ್ಕ ಮತ್ತು ದಂಡ ಕಟ್ಟಿ ಅದನ್ನು ಹಾಜರು ಮಾಡಿದರು. ಪಾಟೀ ಸವಾಲಿನಲ್ಲಿ ನಾನು ಕೇಳಿದ್ದು ಎರಡೇ ಪ್ರಶ್ನೆ.

“1994ರಲ್ಲೇ ಜಾಗ ನಿಮ್ಮ ತಂದೆಯವರದಾಗಿತ್ತು ಅನ್ನುತ್ತೀರಿ ಅಲ್ವಾ?”

“ಹೌದು.”

“ಮತ್ತೆ 1996ರಲ್ಲಿ ಬಿಡಿಸುವ ಹಕ್ಕಿಗೆ ಅಂತ 25,000 ಯಾಕೆ ಕೊಟ್ಟರು?”

ಅವರು ತಮ್ಮ ವಕೀಲರ ಕಡೆ ನೋಡಿದರು. ಕೊನೆಗೆ “ಅಪ್ಪ ಮಾಡಿದ್ದು, ನನಗೆ ಗೊತ್ತಿಲ್ಲ” ಅಂದರು. ‘ಭೋಗ್ಯ ಪತ್ರದ ಬಾಬ್ತು’ ಅಂತ ಅವರದೇ ಕಾಗದ ಹೇಳುತ್ತಿತ್ತು. ವಾಯಿದೆ ಮುಗಿದ ಎರಡು ವರ್ಷದ ಮೇಲೂ ಸಾಹುಕಾರರು ತಾನು ಭೋಗ್ಯದಾರ ಅಂತಲೇ ನಡೆದುಕೊಂಡಿದ್ದರು. ಇಷ್ಟು ವರ್ಷ ಮಾಲೀಕರಂತೆ ಸ್ವಾಧೀನದಲ್ಲಿದ್ದೆವು, ಹಾಗಾಗಿ ಜಾಗ ನಮ್ಮದೇ ಎಂಬ ಪ್ರತಿಕೂಲ ಸ್ವಾಧೀನದ ವಾದವೂ ಅಲ್ಲಿಗೇ ಮುಗಿಯಿತು.

ಏನಾಯಿತು

2022ರಲ್ಲಿ ಪ್ರಾಥಮಿಕ ಡಿಕ್ರಿ ಬಂತು. ಕ್ರಯದ ಶರತ್ತು ಮತ್ತು ಮಿತಿಯಿಲ್ಲದ ಕಟ್ಟಡ ಖರ್ಚಿನ ಶರತ್ತು ಎರಡೂ ನಡೆಯುವುದಿಲ್ಲ ಅಂತ ಕೋರ್ಟು ಹೇಳಿತು. ಮಾಡಿನ ರಿಪೇರಿ ಖರ್ಚನ್ನು ಒಪ್ಪಿ, 2018ರ ಠೇವಣಿ ಸಾಕಷ್ಟು ಇತ್ತು ಅಂದಿತು. ನೋಟೀಸು ಜಾರಿಯಾದ ನಂತರದ ಬಾಡಿಗೆಯ ಲೆಕ್ಕ ಕೊಡಬೇಕು ಎಂದೂ ಆಯಿತು.

ಸಾಹುಕಾರರ ಕಡೆಯವರು ಅಪೀಲು ಹೋದರು. ಆಗ ಕುಳಿತು ಲೆಕ್ಕ ಹಾಕಿದೆವು. ಎರಡು ಕೋಣೆಯಿಂದ ತಿಂಗಳಿಗೆ 9,000 ಬಾಡಿಗೆ. 2018ರ ಅಕ್ಟೋಬರಿನಿಂದ 2023ರ ಮಾರ್ಚ್‌ವರೆಗೆ 54 ತಿಂಗಳು, ಒಟ್ಟು 4,86,000. ತೆರಿಗೆ ಕಳೆದರೂ ದೊಡ್ಡ ಮೊತ್ತವೇ, ಅಪೀಲು ಎಳೆದಷ್ಟೂ ಏರುತ್ತಿತ್ತು. ಎದುರು ವಕೀಲರೇ ರಾಜಿಯ ಮಾತು ತೆಗೆದರು. ಅವರು ಅಪೀಲನ್ನೂ ಕಟ್ಟಡದ ಆರೂವರೆ ಲಕ್ಷದ ಬೇಡಿಕೆಯನ್ನೂ ಬಿಟ್ಟು ಜಾಗ ಕೊಡುವುದು. ಮಕ್ಕಳು ಬಾಡಿಗೆ ಲೆಕ್ಕ ಬಿಡುವುದು, 1996ರ 25,000 ಬಡ್ಡಿಯಿಲ್ಲದೆ ಕೊಡುವುದು. ಠೇವಣಿಯ ಹಣ ಸಾಹುಕಾರರಿಗೆ. ಕೋರ್ಟು ಗೆಲುವನ್ನೇ ಹಿಡಿದು ಕೂತಿದ್ದರೆ ಮಕ್ಕಳಿಗೆ ಇನ್ನೂ ಜಾಸ್ತಿ ಸಿಗುತ್ತಿತ್ತು ಅನ್ನುವವರಿದ್ದಾರೆ. ಕಟ್ಟಡ ಶರತ್ತಿನ ಬಗ್ಗೆ ಅಪೀಲಿನಲ್ಲಿ ನೂರಕ್ಕೆ ನೂರು ಧೈರ್ಯ ನನಗೆ ಇರಲಿಲ್ಲ. ಪೋಮಲ್ ಕಾಂಜಿಯಲ್ಲಿ 99 ವರ್ಷ, ನಮ್ಮದರಲ್ಲಿ ಹತ್ತು. ಆ ವ್ಯತ್ಯಾಸ ಹಿಡಿದು ವಾದಿಸಲು ಜಾಗವಿತ್ತು. ಅಣ್ಣನಿಗಂತೂ ಆ 25,000 ಕೊಟ್ಟು ಮುಗಿಸಿದ್ದೇ ಸಮಾಧಾನ.

ಅಂಗಡಿಯ ಒಬ್ಬ ಬಾಡಿಗೆದಾರರು ಮಾತ್ರ, ನನ್ನ ಕರಾರು ಸಾಹುಕಾರರ ಜೊತೆ, ನಾನು ಏಳುವುದಿಲ್ಲ ಅಂದರು. ಭೋಗ್ಯದಾರರು ಕೊಟ್ಟ ಬಾಡಿಗೆ ಸಾಮಾನ್ಯವಾಗಿ ಭೋಗ್ಯದ ಜೊತೆಗೇ ಮುಗಿಯುತ್ತದೆ. ಅವರೂ ದಾವೆಯಲ್ಲಿ ಪಕ್ಷಗಾರರಾಗಿದ್ದರಿಂದ ಬೇರೆ ಕೇಸು ಬೇಕಾಗಲಿಲ್ಲ. ಕೊನೆಗೆ ತಮ್ಮನೇ ಹೊಸ ಕರಾರು ಮಾಡಿಕೊಂಡು ಅವರನ್ನು ಅಲ್ಲೇ ಉಳಿಸಿಕೊಂಡ.

ಕೀಲಿ ಕೈಗೆ ಬಂದ ದಿನ ತಮ್ಮ ಎಲ್ಲ ಮುಗಿಯಿತು ಅಂದುಕೊಂಡಿದ್ದ. ಒಂದು ಕೆಲಸ ಬಾಕಿ ಇತ್ತು. ಭೋಗ್ಯ ತೀರಿದೆ ಅಂತ ಸಾಹುಕಾರರಿಂದ ನೋಂದಾಯಿತ ಬಿಡುಗಡೆ ಪತ್ರ ಬರೆಸಿ, ಮೂಲ ಪತ್ರ ವಾಪಸು ಪಡೆದು, ಹೊಸ ಋಣಭಾರ ಪತ್ರ ತೆಗೆದು ನೋಡಿದೆವು. 1984ರ ನಮೂದಿನ ಕೆಳಗೆ ಬಿಡುಗಡೆಯ ನಮೂದು ಬಂದಿತ್ತು. ಅದನ್ನು ಲಗತ್ತಿಸಿ ಖಾತೆ ಬದಲಾವಣೆಗೆ ನಗರಸಭೆಗೆ ಅರ್ಜಿ ಕೊಟ್ಟೆವು. ಮೂವರು ಮಕ್ಕಳ ಹೆಸರೂ ಅದರಲ್ಲಿ ಹೋಯಿತು, ಸಹಿ ಹಾಕದ ಅಕ್ಕನದೂ ಸೇರಿ.